ಮೂವತ್ತು ಡಿಗ್ರಿ ನೀರಿನ ತೂಕ

ಹೊಸದುರ್ಗಕ್ಕೂ ಹೊಳಲ್ಕೆರೆಗೂ ನಡುವಿನ ಗುಡ್ಡಗಳಲ್ಲಿ ಆಗ ಮ್ಯಾಂಗನೀಸ್ ಅದಿರು ತೆಗೆಯುತ್ತಿದ್ದರು. ಗುಡ್ಡದ ಬುಡದಲ್ಲಿ ಹೆಂಚಿನ ಸೂರಿನ ಒಂದು ಉದ್ದನೆಯ ಕೋಣೆ. ಅದೇ ಕಂಪನಿಯ ಪರೀಕ್ಷಾಲಯ. ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ ಮುಗಿಸಿದ ನಾನು ಇಪ್ಪತ್ತಾರನೆಯ ವಯಸ್ಸಿನಲ್ಲಿ ಅಲ್ಲಿಗೆ ಎರಡನೆಯ ಪರೀಕ್ಷಕನಾಗಿ ಹೋದೆ.

ಮೊದಲನೆಯ ಪರೀಕ್ಷಕರು ಹಿರೇಗುಂಟನೂರಿನವರು. ಐವತ್ತೈದು ದಾಟಿತ್ತು. ಹಣೆಯಲ್ಲಿ ವಿಭೂತಿ, ಮೈಮೇಲೆ ಮೊಣಕೈ ಸವೆದ ಕರಿ ಕೋಟು. ಅವರು ಯಾವ ಕಾಲೇಜನ್ನೂ ಕಂಡವರಲ್ಲ. ಅದಿರು ಕುಟ್ಟುವ ಕೆಲಸಕ್ಕೆ ಸೇರಿ, ಹಿಂದಿದ್ದ ಒಬ್ಬ ಪರೀಕ್ಷಕರ ಕೈಕೆಳಗೆ ಹದಿನಾರು ವರ್ಷ ದುಡಿದು, ಅವರಿಂದಲೇ ಇಂಗ್ಲಿಷ್ ಅಂಕಿ, ತಕ್ಕಡಿ, ಬ್ಯೂರೆಟ್ಟು ಎಲ್ಲವನ್ನೂ ಕಲಿತಿದ್ದರು. ಗಣಿಯ ಆಳುಗಳು ಅವರನ್ನು ತಕ್ಕಡಿ ಅಜ್ಜ ಎನ್ನುತ್ತಿದ್ದರು. ನಾನು ಅಜ್ಜಾರೇ ಎನ್ನುತ್ತಿದ್ದೆ. ಪದವಿ ಇಲ್ಲದವರ ಕೈಕೆಳಗೆ ಕೂತಿದ್ದೇನಲ್ಲ ಎಂಬುದು ನನ್ನನ್ನು ದಿನವೂ ಚುಚ್ಚುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗಾಜಿನ ಅಳತೆಪಾತ್ರೆಗಳ ಮೇಲಿನ ಗೆರೆಯನ್ನು ಅವರು ಎಂದೂ ನಂಬುತ್ತಿರಲಿಲ್ಲ. ಹೊಸ ಫ್ಲಾಸ್ಕ್ ಬಂದರೆ ತೊಳೆದು ಒಣಗಿಸಿ ಖಾಲಿ ತೂಗುವರು. ಕುದಿಸಿ ಆರಿಸಿದ ಬಟ್ಟಿ ಇಳಿಸಿದ ನೀರನ್ನು, ನೀರಿನ ಮೈಯ ತಗ್ಗು ಗೆರೆಯನ್ನು ಮುಟ್ಟುವವರೆಗೆ ಹಾಕಿ ಮತ್ತೆ ತೂಗುವರು. ಕೊನೆಗೆ ನೀರಿಗೆ ಥರ್ಮಾಮೀಟರ್ ಇಳಿಸುವರು. ಬ್ಯೂರೆಟ್ಟಾದರೆ, ಅಂದರೆ ತಿರುಪಿರುವ ಉದ್ದನೆಯ ಅಳತೆಕೊಳವೆಯಾದರೆ, ಹತ್ತು ಹತ್ತು ಸಿ.ಸಿ. ನೀರನ್ನು ಮುಚ್ಚಳವಿರುವ ಸಣ್ಣ ಸೀಸೆಗೆ ಬಿಟ್ಟು, ಗೋಡೆಗಂಟಿದ್ದು ಇಳಿಯಲು ಕಾದು, ಪ್ರತಿಸಲವೂ ತೂಗುವರು. ಹಿರಿಯೂರಿನ ಆಸ್ಪತ್ರೆಯ ವೈದ್ಯರು ರಕ್ತ ಅಳೆಯುವ ಕೂದಲೆಳೆಯಂಥ ಪಿಪೆಟ್ಟುಗಳನ್ನು ಇವರಿಗೇ ಕಳಿಸುತ್ತಿದ್ದರು. ಅದರಲ್ಲಿ ಹಿಡಿಯುವ ನೀರು ಒಂದು ಗ್ರಾಮಿನ ಐವತ್ತನೆಯ ಒಂದು ಪಾಲು. ಒಣಗಿದ್ದನ್ನು ತೂಗಿ, ತುಂಬಿ, ತುದಿಯ ನೀರು ಆರುವ ಮೊದಲೇ ಮತ್ತೆ ತೂಗಬೇಕು. ಅಜ್ಜಾರು ಉಸಿರು ಬಿಗಿಹಿಡಿದು ತಕ್ಕಡಿಯ ಗಾಜಿನ ಬಾಗಿಲು ಇಳಿಸುತ್ತಿದ್ದರು. ನಾನು ಐದು ಸಲ ಮಾಡಿದರೆ ಐದು ತೂಕ ಬರುತ್ತಿತ್ತು. ಅವರದು ಒಂದೇ.

ಒಮ್ಮೆ ಅವರು ನನಗೆ ಹೇಳಿದ್ದರು: "ನೀರು ಕಾದ್ರೆ ಹಿಗ್ತೈತೆ ತಮ್ಮಾ. ಅದೇ ಗೆರೆ ತಂಕ ತುಂಬಿದ್ರೂ ಹಗುರ ಬರ್ತೈತೆ. ಗಾಜೂ ಒಂಚೂರು ಹಿಗ್ತೈತೆ. ಗಾಳಿ ಬೇರೆ ಎತ್ತಿ ಹಿಡೀತೈತೆ. ಈ ಮೂರನ್ನೂ ಲೆಕ್ಕಕ್ಕೆ ತಗಳದೆ ತೂಕ ಹೇಳೋನು ಸುಳ್ಳ."

ಕಾಲೇಜಿನಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ. ಆದರೂ ಅವರ ಬಾಯಲ್ಲಿ ಕೇಳಿದಾಗ ನನಗೆ ಸಿಟ್ಟು ಬಂತು.

ಆ ವರ್ಷ ಏಪ್ರಿಲ್ಲಿನಲ್ಲಿ ಬಂದರಿನಿಂದ ತಕರಾರು ಬಂತು. ಹೊಳಲ್ಕೆರೆ ಸ್ಟೇಷನ್ನಿನಿಂದ ಹೋದ ಅದಿರಿನಲ್ಲಿ ನಮ್ಮ ಪರೀಕ್ಷೆಯ ಪ್ರಕಾರ ನೂರಕ್ಕೆ ಐವತ್ತಕ್ಕಿಂತ ತುಸು ಹೆಚ್ಚು ಮ್ಯಾಂಗನೀಸ್ ಇತ್ತು. ಬಂದರಿನ ಪರೀಕ್ಷಕರಿಗೆ ಸಿಕ್ಕಿದ್ದು ಐವತ್ತಕ್ಕಿಂತ ತುಸು ಕಡಿಮೆ. ಐವತ್ತರ ಕೆಳಗಿನದನ್ನು ಕೊಳ್ಳುವವರು ಬೇಡವೆಂದರು. ಯಾರ ತಪ್ಪು ಎಂದು ಮೇಲಿನಿಂದ ಕಾಗದ ಬಂತು.

ಗಣಿಯ ಸೂಪರಿಂಟೆಂಡೆಂಟರು ಹೊರಗಿನಿಂದ ಬಂದವರು. ದನಿ ಏರಿಸುವವರಲ್ಲ. ಮಧ್ಯಾಹ್ನ ಎರಡು ಗಂಟೆಗೆ, ಹೆಂಚು ಕಾದು ಕೋಣೆ ಒಲೆಯಂತಾಗಿದ್ದಾಗ ಒಳಗೆ ಬಂದರು.

"ಈ ಗಾಜಿನ ಸಾಮಾನಿನ ಅಳತೆ ಸರಿ ಎಂದು ಬರೆದವರು ಯಾರು?" ಎಂದು ಕೇಳಿದರು.

"ನಾನೇ ಬರ್ದಿದ್ದು ಸ್ವಾಮಿ," ಎಂದರು ಅಜ್ಜಾರು.

"ಹಾಗಾದರೆ ನೀವು ದೂರ ನಿಲ್ಲಿ. ಓದಿದವರು ತೂಗಲಿ."

ನಾನು ನೂರು ಸಿ.ಸಿ. ಫ್ಲಾಸ್ಕನ್ನು ತೆಗೆದುಕೊಂಡೆ. ಅದಿರನ್ನು ಕರಗಿಸಿ ಗೆರೆಯವರೆಗೆ ತುಂಬಿ, ಅದರಲ್ಲೊಂದು ಪಾಲು ತೆಗೆದು ಪರೀಕ್ಷಿಸುತ್ತಿದ್ದುದು ಅದರಿಂದಲೇ. ಫ್ಲಾಸ್ಕ್ ಚಿಕ್ಕದಾಗಿದ್ದರೆ ದ್ರಾವಣ ಗಟ್ಟಿಯಾಗಿ ಅಂಕಿ ಏರುತ್ತದೆ. ಖಾಲಿ ತೂಗಿದೆ, ತುಂಬಿ ತೂಗಿದೆ, ಕಳೆದೆ. ನೀರು ತೊಂಬತ್ತೊಂಬತ್ತೂವರೆ ಗ್ರಾಂ ಬಂತು.

ಎಷ್ಟು ಡಿಗ್ರಿಯ ನೀರು ಎಷ್ಟು ತೂಗಬೇಕೆಂದು ತೋರಿಸುವ ಪಟ್ಟಿ ಗೋಡೆಯ ಮೇಲಿತ್ತು; ಸೂಪರಿಂಟೆಂಡೆಂಟರು ಅದರ ಮೇಲೆ ಬೆರಳಿಟ್ಟರು. ಫ್ಲಾಸ್ಕಿನ ಕುತ್ತಿಗೆಯ ಮೇಲೆ ಹದಿನೈದು ಡಿಗ್ರಿ ಎಂದು ಕೊರೆದಿತ್ತು. ಅವರು ಅದೇ ಹದಿನೈದರ ಸಾಲನ್ನು ಹಿಡಿದರು. "ತೊಂಬತ್ತೊಂಬತ್ತು ಪಾಯಿಂಟ್ ಎಂಟು ಇರಬೇಕು. ಗ್ರಾಮಿನ ಹತ್ತರಲ್ಲಿ ಮೂರು ಪಾಲು ಕಡಿಮೆ."

"ಸ್ವಾಮಿ, ಗೆರೆ ಹಾಕಿದ್ದು ಹದಿನೈದಕ್ಕೆ, ಖರೆ. ಆದ್ರೆ ಈ ನೀರು ಹದಿನೈದಲ್ಲ," ಎಂದರು ಅಜ್ಜಾರು. "ಥರ್ಮಾಮೀಟರ್ ಇಡ್ರಿ. ಮೂವತ್ತು ಐತೆ. ಮೂವತ್ತರ ಸಾಲು ನೋಡ್ರಿ, ತೊಂಬತ್ತೊಂಬತ್ತೂವರೇನೇ ಬರಬೇಕು."

ಸೂಪರಿಂಟೆಂಡೆಂಟರು ನನ್ನ ಕಡೆ ತಿರುಗಿದರು. "ಪದವಿ ಪಡೆದವರು ನೀವು. ನೀವು ಹೇಳಿ. ಫ್ಲಾಸ್ಕ್ ಸರಿ ಇದೆಯೋ, ಇಲ್ಲವೋ?"

ಅಜ್ಜಾರು ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ಉತ್ತರ ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿತ್ತು.

"ಕಡಿಮೆ ಬಂದಿದೆ ಸಾರ್," ಎಂದೆ.

ಹೇಳಿದ್ದು ಅಷ್ಟೇ. ಕಡಿಮೆ ಬಂದದ್ದು ತೂಕವೋ, ಫ್ಲಾಸ್ಕಿನ ಅಳತೆಯೋ, ಬಿಡಿಸಿ ಹೇಳಲಿಲ್ಲ. ಬ್ಯೂರೆಟ್ಟುಗಳನ್ನೂ ಹೀಗೆಯೇ ತೂಗಿದೆ. ಎಲ್ಲವೂ ಅದೇ ಪ್ರಮಾಣದಲ್ಲಿ ಹಗುರ ಬಂದವು. ನಾಲ್ಕು ಬೇರೆ ಬೇರೆ ಗಾಜುಗಳು ಒಂದೇ ಪ್ರಮಾಣದಲ್ಲಿ ತಪ್ಪಿವೆ ಎಂದರೆ ತಪ್ಪು ಗಾಜಿನದಲ್ಲ ಎಂದು ಯಾರಿಗಾದರೂ ಹೊಳೆಯಬೇಕಿತ್ತು. ನನಗೆ ಹೊಳೆದಿತ್ತು.

ಮರುದಿನ ಬೆಳಿಗ್ಗೆ ಸೂಪರಿಂಟೆಂಡೆಂಟರು ಗಣಿಯ ಆಳುಗಳನ್ನೆಲ್ಲ ಪರೀಕ್ಷಾಲಯದ ಅಂಗಳದಲ್ಲಿ ನಿಲ್ಲಿಸಿದರು. ಅದಿರು ಕುಟ್ಟುವ ಕಲ್ಲನ್ನು ನಡುವೆ ಇಡಿಸಿದರು. ಅಜ್ಜಾರು ಸರಿ ಎಂದು ಬರೆದ ಪ್ರತಿಯೊಂದು ಗಾಜನ್ನೂ ಅಜ್ಜಾರ ಕೈಯಲ್ಲೇ ಒಡೆಸಬೇಕು, ನಾನು ದಫ್ತರ ನೋಡಿ ನಂಬರು ಕೂಗಬೇಕು. ಅದು ಅವರ ಅಪ್ಪಣೆ.

"ಸುಳ್ಳು ಅಳತೆ ಇಟ್ಟವರಿಗೆ ಏನಾಗುತ್ತದೆ ಎಂದು ಎಲ್ಲರೂ ನೋಡಲಿ," ಎಂದರು, ಮೆಲ್ಲಗೆ.

ನಾನು ಕೂಗಿದೆ. ಒಂದನೇ ನಂಬರು, ನೂರು ಸಿ.ಸಿ. ಫ್ಲಾಸ್ಕ್. ಅಜ್ಜಾರು ಅದನ್ನು ಎರಡೂ ಕೈಯಲ್ಲಿ ತಂದು ಕಲ್ಲಿನ ಮೇಲಿಟ್ಟರು. ಅದಿರು ಕುಟ್ಟುವ ಸುತ್ತಿಗೆಯಿಂದ ಹೊಡೆದರು. ಎರಡನೇ ನಂಬರು. ಮೂರನೇ ನಂಬರು. ಅವರು ವರ್ಷಗಟ್ಟಲೆ ತೂಗಿ, ಪ್ರತಿಯೊಂದಕ್ಕೂ ಇಂತಿಷ್ಟು ತಿದ್ದುಪಡಿ ಎಂದು ಚೀಟಿ ಅಂಟಿಸಿದ್ದ ಹನ್ನೊಂದು ಪಾತ್ರೆಗಳು. ಗಾಜಿನ ತಿರುಪಿದ್ದ ದೊಡ್ಡ ಬ್ಯೂರೆಟ್ಟನ್ನು ಒಡೆಯುವಾಗ ಚೂರು ಸಿಡಿದು ಅವರ ಹೆಬ್ಬೆರಳ ಬುಡ ಸೀಳಿತು. ರಕ್ತ ಕೋಟಿನ ತೋಳಿಗೆ ಇಳಿಯಿತು. ಆಳುಗಳಲ್ಲಿ ಯಾರೋ "ಅಯ್ಯೋ ಶಿವನೇ, ಬಿಡ್ರಪ್ಪ ಸಾಕು" ಎಂದರು.

"ಮುಂದಿನದು," ಎಂದರು ಸೂಪರಿಂಟೆಂಡೆಂಟರು.

ನಾನು ಮುಂದಿನ ನಂಬರು ಕೂಗಿದೆ.

ಮುಗಿದ ಮೇಲೆ ಚೂರುಗಳನ್ನೂ ಅಜ್ಜಾರೇ ಗುಡಿಸಬೇಕಾಯಿತು. ಆಮೇಲೆ ಅವರು ಪೊರಕೆಯನ್ನು ಗೋಡೆಗೆ ಒರಗಿಸಿ, ಹೊಳಲ್ಕೆರೆಯ ದಾರಿ ಹಿಡಿದರು. ಅಂದಿನಿಂದ ಅವರ ಕುರ್ಚಿ ನನ್ನದಾಯಿತು.

ಎರಡು ತಿಂಗಳ ನಂತರ ಹೊಸ ಸಾಮಾನು ಬಂತು. ತಯಾರಿಸಿದವರ ಪ್ರಮಾಣಪತ್ರ ಜೊತೆಗಿತ್ತು. ಹೊಸ ನೂರು ಸಿ.ಸಿ. ಫ್ಲಾಸ್ಕನ್ನು ತುಂಬಿ ತೂಗಿದೆ. ನೀರು ಮೂವತ್ತು ಡಿಗ್ರಿ. ತೊಂಬತ್ತೊಂಬತ್ತೂವರೆ. ನೆರಳಲ್ಲಿ, ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿ ನೀರನ್ನು ಇಪ್ಪತ್ತೈದಕ್ಕೆ ಇಳಿಸಿ ಮತ್ತೆ ತೂಗಿದೆ. ಗ್ರಾಮಿನ ನೂರರಲ್ಲಿ ಸುಮಾರು ಹದಿಮೂರು ಪಾಲು ಏರಿತು. ಪಟ್ಟಿ ಹೇಳಿದಂತೆಯೇ.

ಕಾಗದ ಹಿಡಿದು ಸೂಪರಿಂಟೆಂಡೆಂಟರ ಬಳಿ ಹೋದೆ. ಅಜ್ಜಾರ ಗಾಜಿನಲ್ಲಿ ತಪ್ಪಿರಲಿಲ್ಲ, ಅವರನ್ನು ವಾಪಸ್ಸು ಕರೆಸಬೇಕು ಎಂದೆ.

ಅವರು ಕಾಗದ ಓದಲೂ ಇಲ್ಲ. "ಗೊತ್ತು," ಎಂದರು. "ಅದಿರಿನ ಮಾದರಿ ತೆಗೆಯುವಾಗ ರಾಶಿಯ ಮೇಲಿನ ಆರಿಸಿದ ಕಲ್ಲನ್ನೇ ತೆಗೆಯಿರಿ ಎಂದವನು ನಾನು. ವ್ಯತ್ಯಾಸ ಬಂದದ್ದು ಅಲ್ಲಿ. ಮೇಲಿನವರಿಗೆ ಒಂದು ಹೆಸರು ಬೇಕಾಗಿತ್ತು."

ನಾನು ಕಾಗದವನ್ನು ಮಡಚಿದೆ.

"ನಿಮಗೂ ಅವತ್ತೇ ಗೊತ್ತಿತ್ತಲ್ಲ? ಅದಕ್ಕೇ ಆ ಕುರ್ಚಿ ನಿಮಗೆ ಕೊಟ್ಟಿದ್ದು. ಹೋಗಿ, ಕೆಲಸ ನೋಡಿ."

ಹೋದೆ. ಕೆಲಸ ನೋಡಿದೆ. ಇದನ್ನು ಬರೆಯುವಾಗಲೂ ಬೇರೆ ಏನಾದರೂ ಮಾಡಿದೆ ಎಂದು ಬರೆಯುವ ಆಸೆಯಾಗುತ್ತದೆ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಚಿತ್ರದುರ್ಗದವರೆಗೆ ಗಾಡಿಯಲ್ಲಿ ಹೋಗಿ, ಅಲ್ಲಿಂದ ಹಿರೇಗುಂಟನೂರಿಗೆ ನಡೆದೆ. ಅಜ್ಜಾರು ಜಗುಲಿಯ ಮೇಲೆ ಕುಳಿತು ಸೆಣಬಿನ ಹಗ್ಗ ಹೊಸೆಯುತ್ತಿದ್ದರು. ಬಲ ಹೆಬ್ಬೆರಳು ಮಡಚುತ್ತಿರಲಿಲ್ಲ. ಆ ಗಾಯ ಕೀವಾಗಿ ನರ ಹೋಗಿತ್ತು. ತಕ್ಕಡಿಯ ಸಣ್ಣ ತೂಕದ ಬೊಟ್ಟುಗಳನ್ನು ಚಿಮಟದಲ್ಲಿ ಹಿಡಿಯುವ ಕೈ ಅದು. ಆಸ್ಪತ್ರೆಯ ವೈದ್ಯರೂ ಸುದ್ದಿ ಕೇಳಿ ಪಿಪೆಟ್ಟು ಕಳಿಸುವುದನ್ನು ನಿಲ್ಲಿಸಿದ್ದರು. ಸುಳ್ಳು ಅಳತೆಯವ ಎಂಬ ಹೆಸರು ಊರವರೆಗೂ ಬಂದಿತ್ತು.

ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಹೊಸ ಫ್ಲಾಸ್ಕ್, ಮೂವತ್ತು ಡಿಗ್ರಿ, ಅದೇ ತೂಕ, ಸೂಪರಿಂಟೆಂಡೆಂಟರ ಮಾತು. ಅವರು ಹಗ್ಗದಿಂದ ಕಣ್ಣೆತ್ತಲಿಲ್ಲ.

"ನೀರು ಮೂವತ್ತು ಅಂತ ನಂಗೊತ್ತಿತ್ತು," ಎಂದರು. "ಅದನ್ನ ಹೇಳಾಕೆ ಇಷ್ಟು ದೂರ ಬಂದ್ರಾ?"

"ತಪ್ಪಾಯ್ತು ಅಜ್ಜಾರೇ."

"ಆ ಸಾಹೇಬಂದು ಬಿಡ್ರಿ. ಅವನು ಅವನ ಕುರ್ಚಿ ಉಳಿಸ್ಕಂಡ. ನಾನು ಕಲ್ಲಿನ ಮುಂದೆ ನಿಂತಾಗ ನಿಮ್ಮ ದನೀನೇ ಕೇಳ್ತಿದ್ದೆ. ಈಗ ನಡುಗ್ತೈತೆ, ಇನ್ನೊಂದಕ್ಕೆ ನಡುಗ್ತೈತೆ ಅಂತ. ಹನ್ನೊಂದು ನಂಬರು ಓದಿದ್ರಿ. ಒಂಚೂರೂ ನಡುಗಲಿಲ್ಲ."

ಒಳಗಿನಿಂದ ಅವರ ಹೆಂಡತಿ ಬಂದವರಿಗೆಂದು ಚೊಂಬು ಹಿಡಿದು ಹೊಸ್ತಿಲಿಗೆ ಬಂದರು. ಅಜ್ಜಾರು ಎಡಗೈ ಅಡ್ಡ ಹಿಡಿದರು.

"ಅವ್ರು ಕುಂತ್ಕಳಾಕೆ ಬಂದಿಲ್ಲ. ಒಳಗೆ ಹೋಗು."

ಆ ತಾಯಿ ನನ್ನ ಮುಖ ನೋಡಿ, ಚೊಂಬಿನೊಂದಿಗೆ ಹಿಂದಿರುಗಿದರು. ಬಿಸಿಲಲ್ಲಿ ಹರದಾರಿಗಟ್ಟಲೆ ನಡೆದು ಬಂದಿದ್ದೆ. ನೀರು ಕೇಳುವ ಬಾಯಿ ನನಗಿರಲಿಲ್ಲ.

ಮರುವರ್ಷ ಅವರು ತೀರಿಕೊಂಡರೆಂದು ಅದಿರಿನ ಗಾಡಿ ಹೊಡೆಯುವವನೊಬ್ಬ ಹೇಳಿದ. ನಾನು ಆ ಪರೀಕ್ಷಾಲಯದಲ್ಲಿ ಇನ್ನೂ ಒಂಬತ್ತು ವರ್ಷ ಇದ್ದೆ. ಕೈಕೆಳಗೆ ಬಂದ ಪರೀಕ್ಷಕರಿಗೆಲ್ಲ, ನೀರು ತೂಗುವ ಮೊದಲು ಅದು ಎಷ್ಟು ಬೆಚ್ಚಗಿದೆ ನೋಡಿ, ಆ ಸಾಲನ್ನೇ ಹಿಡಿಯಿರಿ ಎಂದು ಕಲಿಸಿದೆ. ಯಾರಿಂದ ಕಲಿತಿರಿ ಎಂದು ಒಬ್ಬ ಕೇಳಿದಾಗ, ಕಾಲೇಜಿನಲ್ಲಿ ಎಂದೆ.