ಸೋಮವಾರ ಗಾಡಿ ಹೂಡಿದ ಶಿವಬಸವ್ವ

ಗೊಟಗೋಡಿಯಲ್ಲಿ ಶಿವಬಸವ್ವನನ್ನು ಇವತ್ತಿಗೂ ಬೈಯುವವರಿದ್ದಾರೆ. ಬೈಯಲಿ. ಬೈಯುವ ಬಾಯಿಗೆ ಸುಂಕವೇನು? ಆದರೆ ಅರ್ಧ ಕಥೆ ಹೇಳಿ ಬೈಯುತ್ತಾರಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ.

ಶಿವಬಸವ್ವ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡವಳು. ನಾಲ್ಕು ಎಕರೆ ಹೊಲ, ಒಂದು ಜೋಡಿ ಎತ್ತು, ಒಬ್ಬಳೇ ಮಗಳು ಸರೋಜ. ಗಂಡನ ಅಣ್ಣ ಕರಬಸಪ್ಪ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲೇ ಇದ್ದ. ಅವನ ಹೆಂಡತಿ ಬಾಣಂತನದಲ್ಲಿ ತೀರಿಹೋದ ಮೇಲೆ ಅವರ ಮಗ ಪರಮೇಶನಿಗೆ ಎಣ್ಣೆ ನೀರು ಹಾಕಿ, ತುತ್ತು ಮಾಡಿ ಉಣಿಸಿ ಬೆಳೆಸಿದವಳು ಇವಳೇ. ಊರಿನ ಶಾಲೆ ನಾಲ್ಕನೆಯ ಇಯತ್ತೆಗೆ ಮುಗಿಯುತ್ತಿತ್ತು. ಮುಂದೆ ಒಂದೇ ಇಯತ್ತೆಯ ಈ ಇಬ್ಬರೂ ಮಕ್ಕಳು ಕೂಡಿಯೇ ಶಿಗ್ಗಾಂವಿಯ ಶಾಲೆಗೆ ನಡೆದು ಹೋಗುತ್ತಿದ್ದರು.

ಹೆಣ್ಣುಹುಡುಗಿ ಏಳನೆಯ ಇಯತ್ತೆಗೆ ಬಂದಾಗ ಕರಬಸಪ್ಪನಿಗೆ ತಡೆಯಲಾಗಲಿಲ್ಲ. ಹಿರೇಕೆರೂರ ಕಡೆಯ ಒಬ್ಬ ಎರಡನೆಯ ಸಂಬಂಧದವನಿಗೆ ಹುಡುಗಿಯನ್ನು ಕೊಡುವುದೆಂದು ತಾನೇ ಮಾತಾಡಿ ಬಂದ. ಶಿವಬಸವ್ವ ಪಂಚರ ಮುಂದೆ ಕೂತು ಜಗಳಾಡಿ ಒಂದು ಮಾತು ಗಳಿಸಿದಳು. ಸರೋಜ ವರ್ಷದ ಕೊನೆಯ ಮುಲ್ಕಿ ಪರೀಕ್ಷೆಗೆ ಕೂತರೆ ಮದುವೆ ಮಾತು ಬಿಡುವುದು, ಕೂಡದಿದ್ದರೆ ಯುಗಾದಿ ಆದಮೇಲೆ ಅಕ್ಕಿಕಾಳು ಹಾಕಿ ಮದುವೆ. ಮುಲ್ಕಿ ಪಾಸಾದರೆ ಮಾಸ್ತರಿಕೆ ಸಿಗುತ್ತಿದ್ದ ಕಾಲ ಅದು. ಹುಡುಗಿ ಜಾಣೆ. ತಾಯಿಗೆ ಬೇಕಾದದ್ದು ಇಷ್ಟೇ, ತನ್ನ ಮಗಳು ಯಾರ ಕೈಯನ್ನೂ ಕಾಯಬಾರದು.

ಮುಲ್ಕಿಗೆ ಯಾರ ಹೆಸರು ಕಳಿಸಬೇಕೆಂದು ಆರಿಸಲಿಕ್ಕೆ ಶಾಲೆಯಲ್ಲಿ ಮೊದಲೊಂದು ಪರೀಕ್ಷೆ ಇರುತ್ತಿತ್ತು. ಅದು ಗುರುವಾರ ಮತ್ತು ಶುಕ್ರವಾರ ಎಂದು ಹೇಳಿಯಾಗಿತ್ತು. ದೊಡ್ಡ ಯುದ್ಧ ನಡೆದಿದ್ದ ವರ್ಷ. ಹಿಂದಿನ ಶುಕ್ರವಾರ ಸಂಜೆ ಶಾಲೆಯ ಸಿಪಾಯಿ ಮಜೀದ ಹೆಡ್ ಮಾಸ್ತರರ ಪತ್ರ ಹಿಡಿದು ಬಂದ. ಚಾವಡಿಯ ಮುಂದೆ ಪಾಲಕರನ್ನೆಲ್ಲ ಕೂಡಿಸಿ ಗಟ್ಟಿಯಾಗಿ ಓದಿದ.

‘ಪಾಲಕರಿಗೆ ವಿನಂತಿ. ಮುಲ್ಕಿ ಪರೀಕ್ಷೆಗೆ ಕೂಡುವವರ ಯಾದಿಯು ಬರುವ ಬುಧವಾರದೊಳಗೆ ಮುಟ್ಟಬೇಕೆಂದು ಧಾರವಾಡ ಕಚೇರಿಯಿಂದ ಈಗ ಅಪ್ಪಣೆಯಾಗಿದೆ. ಗುರುವಾರದ ಪರೀಕ್ಷೆಗೆ ಕಾಯಲು ಬರುವಂತಿಲ್ಲ. ಆದಕಾರಣ ಎಲ್ಲ ವಿಷಯಗಳ ಪರೀಕ್ಷೆಯನ್ನು ಸೋಮವಾರ ಒಂದೇ ದಿವಸ ತೆಗೆದುಕೊಳ್ಳಲಾಗುವುದು. ಮುಂಜಾನೆ ಗಣಿತ, ಮಧ್ಯಾಹ್ನ ಕನ್ನಡ, ಇತಿಹಾಸ, ಭೂಗೋಳ. ಮಂಗಳವಾರ ಉತ್ತರಪತ್ರಿಕೆಗಳನ್ನು ತಪಾಸ ಮಾಡಿ ಅಂದೇ ಯಾದಿ ಕಳಿಸಲಾಗುವುದು. ಗೈರುಹಾಜರಾದವರ ಹೆಸರು ಸೇರುವುದಿಲ್ಲ. ಪತ್ರ ಕೇಳಿದ್ದಕ್ಕೆ ಪಾಲಕರು ಸಹಿ ಮಾಡಬೇಕು.’

ಕಾರಣ ಸರಿಯೇ ಇತ್ತು. ಆದರೆ ವಾರ! ಹೆಡ್ ಮಾಸ್ತರರು ಕಾರವಾರ ಕಡೆಯಿಂದ ಹೊಸದಾಗಿ ಬಂದವರು. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ ಎಂಬುದು ಅವರಿಗೆಲ್ಲಿ ಗೊತ್ತಿರಬೇಕು? ಪರೀಕ್ಷೆಗೆ ಹೋಗುವ ಮಕ್ಕಳನ್ನು ದಿನದಂತೆ ನಡೆಸುವುದೂ ನಮ್ಮೂರ ರೂಢಿಯಲ್ಲ. ಕುಂಕುಮ ಹಚ್ಚಿ, ಕಾಯಿ ಒಡೆದು, ಎಲ್ಲರನ್ನೂ ಒಂದೇ ಗಾಡಿಯಲ್ಲಿ ಕಳಿಸಬೇಕು.

ಮಂದಿ ಕುದಿಯಿತು. ಯಾರೂ ಸಹಿ ಮಾಡಲಿಲ್ಲ. ಮಜೀದ ಪಾಪ, ನಾನು ಪತ್ರ ಓದಿದವನು ಅಷ್ಟೇ ಎಂದು ಕೈಮುಗಿದ, ಅವನಿಗೂ ನಾಲ್ಕು ಬೈಗುಳ ಬಿದ್ದವು. ಹೆಡ್ ಮಾಸ್ತರರನ್ನಂತೂ ನಮ್ಮ ದೇವರ ವಾರ ತಪ್ಪಿಸಲಿಕ್ಕೆ ಬಂದವನು ಎಂದರು, ಉಪ್ಪುನೀರಿನ ದೇಶದವನು ಎಂದರು. ಕೊನೆಗೆ ಕರಬಸಪ್ಪ ಎದ್ದು, ಸೋಮವಾರ ಈ ಊರಿನ ಒಂದು ಮಗುವೂ ಹೋಗಬಾರದು, ಬೆಂಚು ಖಾಲಿ ಕಂಡರೆ ಮಾಸ್ತರ ತಾನೇ ವಾರ ಬದಲಿಸುತ್ತಾನೆ ಎಂದ. ಎಲ್ಲರೂ ಹೂಂ ಅಂದರು. ಶಿವಬಸವ್ವ ಮಾತ್ರ ಮುಂದೆ ಬಂದು ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿದಳು.

ಅವಳ ಕಷ್ಟ ಬೇರೆ ಇತ್ತು. ಸರೋಜಳ ಕಾಲಿಗೆ ನಾರುಹುಣ್ಣಾಗಿತ್ತು. ಹೊರಗೆ ಬಂದ ಹುಳವನ್ನು ಕಡ್ಡಿಗೆ ಸುತ್ತಿ ಕಟ್ಟಿದ್ದರು, ಮೀನಖಂಡ ಬಾತು ಹುಡುಗಿ ನೆಲಕ್ಕೆ ಪಾದ ಊರುವಂತಿರಲಿಲ್ಲ. ಗುರುವಾರ ಹೇಗೂ ಗಾಡಿ ಹೋಗುತ್ತದೆ ಎಂದು ತಾಯಿ ಧೈರ್ಯದಿಂದಿದ್ದಳು. ಭಾನುವಾರವೇ ಶಿಗ್ಗಾಂವಿಗೆ ಮುಟ್ಟಿಸೋಣವೆಂದರೆ ಕರಬಸಪ್ಪ ಗಾಡಿಯ ಕೀಲು ಬಿಚ್ಚಿ ಒಳಗಿಟ್ಟುಕೊಂಡ. ಗಾಡಿ ಇಬ್ಬರ ಪಾಲಿನದು. ಅವಳು ಊರೆಲ್ಲ ಅಲೆದು, ಕತ್ತಲಾಗಿ ಇನ್ನು ಹೊರಡಲಾಗದ ಹೊತ್ತಿಗೆ ಜಮಾಲಸಾಬನ ಹಳೇ ಗಾಡಿ ಕೇಳಿ ತಂದಳು. ಗಾಡಿ ಒಯ್ಯವ್ವಾ, ಎತ್ತು ಮಾತ್ರ ಕೇಳಬ್ಯಾಡ, ಸೋಮವಾರ ನಮ್ಮ ಮನೆಯಲ್ಲೂ ಹೂಡುವುದಿಲ್ಲ ಎಂದಿದ್ದ ಅವನು.

ಸೋಮವಾರ ಹೊತ್ತು ಮೂಡಿದ ಮೇಲೆ, ಎಲ್ಲರೂ ನೋಡುತ್ತಿರುವಾಗ, ಅವಳು ತನ್ನ ಎತ್ತುಗಳ ಕಾಲಿಗೆ ನೀರು ಹಾಕಿ, ಹಣೆಗೆ ವಿಭೂತಿ ಹಚ್ಚಿ, ಕಾಲು ಮುಟ್ಟಿ ನಮಸ್ಕರಿಸಿದಳು. ಅಳುತ್ತಿದ್ದಳು, ನಾನು ಕಣ್ಣಾರೆ ಕಂಡಿದ್ದೇನೆ. ದೇವರ ಹೆದರಿಕೆ ಅವಳಿಗೆ ಊರಿನ ಯಾರಿಗಿಂತ ಕಡಿಮೆ ಇರಲಿಲ್ಲ. ಆಮೇಲೆ ನೊಗ ಇಟ್ಟಳು.

ಕರಬಸಪ್ಪ ಗಾಡಿಗೆ ಅಡ್ಡ ನಿಂತ. “ಶಿವಬಸವ್ವಾ, ಇವತ್ತ ಈ ಗಾಡಿ ಊರ ಅಗಸಿ ದಾಟಿದ್ರ ನಮಗ ನಿಮಗ ಬೆಂಕಿ ನೀರು ಇಲ್ಲ.”

“ಸರೀರಿ ಭಾವಾ,” ಅಂದಳು. ಪರಮೇಶನ ಕಡೆ ತಿರುಗಿ, “ನೀನೂ ಹತ್ತೋ ಹುಡುಗಾ,” ಅಂದಳು. ಹುಡುಗ ಒಂದು ಹೆಜ್ಜೆ ಮುಂದಿಟ್ಟ. ಅಪ್ಪ ಅವನ ರಟ್ಟೆ ಹಿಡಿದು ಒಳಗೆ ನೂಕಿ ಚಿಲಕ ಹಾಕಿದ.

ಪರೀಕ್ಷೆ ನಡೆಯಿತು. ಪೇಟೆಯ ಮಕ್ಕಳಿದ್ದರು, ನಡೆದು ಬಂದ ಬೇರೆ ಊರಿನವರೂ ಕೆಲವರಿದ್ದರು. ನಮ್ಮೂರಿಂದ ಸರೋಜ ಒಬ್ಬಳೇ. ಮಂಗಳವಾರ ನಮ್ಮ ಮಂದಿ ಗಾಡಿ ಕಟ್ಟಿ ಜಗಳಕ್ಕೆ ಹೋದರು. ಹೆಡ್ ಮಾಸ್ತರರಿಗೆ ಸೋಮವಾರದ ಸಂಗತಿ ತಿಳಿದದ್ದು ಆಗಲೇ. ಅವರು, ನನಗೆ ಗೊತ್ತಿರಲಿಲ್ಲ, ಶನಿವಾರ ಒಬ್ಬರಾದರೂ ಬಂದು ಹೇಳಿದ್ದರೆ ಭಾನುವಾರವೇ ತೆಗೆದುಕೊಳ್ಳುತ್ತಿದ್ದೆ ಎಂದರಂತೆ. ಈಗಲಾದರೂ ಕೂಡಿಸಿರಿ ಎಂದರೆ, ಪ್ರಶ್ನೆಗಳು ನಿನ್ನೆಯೇ ಊರೆಲ್ಲ ತಿರುಗಿವೆ, ಹೊಸ ಪತ್ರಿಕೆ ತೆಗೆದು ತಪಾಸ ಮಾಡುವಷ್ಟು ಹೊತ್ತಿಲ್ಲ, ಯಾದಿ ಇವತ್ತಿನ ಟಪಾಲಿಗೆ ಹೋಗಬೇಕು ಎಂದು ಕಡ್ಡಿ ಮುರಿದಂತೆ ಹೇಳಿದರಂತೆ.

ನಮ್ಮೂರ ಹುಡುಗರಿಗೆ ಒಂದು ವರ್ಷ ಹೋಯಿತು. ಸಿಟ್ಟು ಮಾಸ್ತರರ ಮೇಲೆ ತೀರಲಿಲ್ಲ, ಶಿವಬಸವ್ವನ ಮೇಲೆ ತಿರುಗಿತು. ಇವಳು ಊರ ಮಾತು ಮುರಿಯದಿದ್ದರೆ ಮಾಸ್ತರ ಬಗ್ಗುತ್ತಿದ್ದ ಎಂದು ಅವಳ ಅಂಗಳಕ್ಕೆ ಬಂದು ಒದರಾಡಿದರು. ಅವಳು ಕಸಬರಿಗೆ ಕೆಳಗಿಟ್ಟು ಎದ್ದು ನಿಂತಳು.

“ನನ್ನ ಮಗಳಿಗೆ ಕಾಲಿರಲಿಲ್ಲ, ಎತ್ತು ಹೂಡಿದೆ. ಪಾಪ ಬಂದ್ರ ನನಗ ಬರಲಿ. ನಿಮ್ಮ ಹುಡುಗರಿಗೆ ಎರಡೆರಡು ಕಾಲಿದ್ವು. ದಿನಾ ನಡದ ಹೋಗೂ ದಾರಿ. ಅವರನ್ನ ಕಟ್ಟಿ ಹಾಕಿದವರು ಯಾರು, ಬಸವಣ್ಣನೋ ನೀವೋ?”

ಮಂದಿ ಏನು ಮಾಡಿದರು ಗೊತ್ತೇ? ಅವಳ ಹೊಲಕ್ಕೆ ಮುಯ್ಯಿ ಆಳು ಕಳಿಸುವುದನ್ನು ನಿಲ್ಲಿಸಿದರು, ಬಾವಿಯ ಹತ್ತಿರ ಅವಳು ಬಂದರೆ ಕೊಡ ಎತ್ತಿಕೊಂಡು ಹೋದರು.

ಸರೋಜ ಮುಲ್ಕಿಗೆ ಕೂತಳು, ಪಾಸಾದಳು. ಮದುವೆ ಮಾತು ಬಿದ್ದುಹೋಯಿತು. ಅದೇ ವಾರ ಕರಬಸಪ್ಪ ಪರಮೇಶನ ಶಾಲೆ ಬಿಡಿಸಿ ಹೊಲದಲ್ಲಿ ರಂಟೆಗೆ ಹಚ್ಚಿದ. ಊರ ಬೈಗುಳಕ್ಕೆ ಬಗ್ಗದ ಶಿವಬಸವ್ವ ಈ ಸುದ್ದಿಗೆ ಕುಸಿದಳು. ಸೆರಗು ಹೊದ್ದುಕೊಂಡು, ಬೆಂಕಿ ನೀರು ಇಲ್ಲವೆಂದವನ ಬಾಗಿಲಿಗೆ ತಾನೇ ಹೋದಳು.

“ಭಾವಾ, ನನ್ನ ಮಾರಿ ನೋಡಬ್ಯಾಡ್ರಿ. ಆದ್ರ ಹುಡುಗನ್ನ ಮುಂದಿನ ವರ್ಸ ಕೂಡಸ್ರಿ.”

ಕರಬಸಪ್ಪ ಎದ್ದು ಒಳಗೆ ಹೋದ. ಹೊಲದಿಂದ ಆಗಷ್ಟೇ ಬಂದಿದ್ದ ಪರಮೇಶ ಕೈಕಾಲು ತೊಳೆಯುತ್ತ ಅಲ್ಲೇ ನಿಂತಿದ್ದ. ಅವಳ ಕೈತುತ್ತು ಉಂಡು ಬೆಳೆದ ಹುಡುಗ.

“ಚಿಗವ್ವಾ, ನನಗ ಸಾಲಿ ಇನ್ನ ಬ್ಯಾಡ,” ಅಂದ ಅವನು. “ಅವತ್ತ ನನ್ನ ಬಿಟ್ಟು ಗಾಡಿ ಹೊಡದಿ. ಹೋಗು ನಿನ್ನ ಮಗಳ ಕಡೆ.”

ಬಾಗಿಲು ಹಾಕಿದವನೂ ಅವನೇ.