ನೇರಳೆ ದಿಣ್ಣೆಯ ಜೇನು

ನಮ್ಮ ಅತ್ತಿಗೆ ಮಲ್ಲಾಜಮ್ಮನ ಬೆರಳುಗಳ ಸಂದಿಯೆಲ್ಲ ಬಿರುಕು, ಉಗುರಿನ ಸುತ್ತ ಹುಣಸೆಯ ಕಪ್ಪು. ಹದಿನಾಲ್ಕು ವರ್ಷ ಅವಳ ಪಾಲಿಗೆ ಉಳಿದದ್ದು ಹುಣಸೆ ಮತ್ತು ಅಂಟುವಾಳ. ಜೇನಿನ ಮಡಕೆಯನ್ನು ಅವಳು ಮುಟ್ಟುವ ಹಾಗಿರಲಿಲ್ಲ. ಅದನ್ನು ಅವಳಿಂದ ಕಿತ್ತುಕೊಂಡವಳು ನಾನು. ಅವಳ ಕಥೆ ಹೇಳಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಆದರೆ ಪೂರ್ತಿ ಗೊತ್ತಿದ್ದು ಹೇಳಬೇಕಾದವಳು ನಾನೊಬ್ಬಳೇ.

ಹೆಗ್ಗಡದೇವನಕೋಟೆಯ ಆಚೆ ಕಾಡಿನಂಚಿನಲ್ಲಿ ನಮ್ಮದು ಆರು ಗುಡಿಸಲು. ಮಹಾರಾಜರ ಸರ್ಕಾರದಿಂದ ಕಾಡಿನ ಗುತ್ತಿಗೆ ಹಿಡಿದ ಸಾಹುಕಾರರ ಗಾಡಿ ಬಂದು ನಾವು ಒಟ್ಟು ಮಾಡಿದ್ದನ್ನು ಒಯ್ಯುತ್ತಿತ್ತು. ಚಳಿಗಾಲದ ಕೊನೆಗೆ, ತಲೆಗೂ ಬಟ್ಟೆಗೂ ನೊರೆ ಬರಿಸುವ ಅಂಟುವಾಳ ಆಯುತ್ತಿದ್ದೆವು. ಬಿಸಿಲಿಗೆ ಒಣಗಿಸಿ, ಕಲ್ಲಿನಲ್ಲಿ ಕುಟ್ಟಿ ಕರಿ ಬೀಜ ತೆಗೆದು ಸಿಪ್ಪೆ ಕೂಡಿಡಬೇಕು. ಅದರ ಪುಡಿ ಕಣ್ಣಿಗೆ ಬಿದ್ದರೆ ದಿನವೆಲ್ಲ ನೀರು ಸುರಿಯುತ್ತದೆ. ಆಮೇಲೆ ಹುಣಸೆ. ಮರ ಅಲುಗಿಸಿ ಉದುರಿಸಿದ ಕಾಯಿಯ ಓಡು ಒಡೆದು, ನಾರು ಬಿಡಿಸಿ, ಬೀಜ ಕುಟ್ಟಿ ತೆಗೆದು, ಉಪ್ಪು ಹಾಕಿ ಉಂಡೆ ಕಟ್ಟಬೇಕು. ಅಂಟುವಾಳಕ್ಕೆ ಒಡೆದ ಕೈಗೆ ಹುಣಸೆಯ ಹುಳಿ ತಾಗಿದರೆ ಹೇಗಿರುತ್ತದೆಂದು ಕುಳಿತು ತಿನ್ನುವವರಿಗೆ ಗೊತ್ತಿಲ್ಲ.

ಯುಗಾದಿ ಕಳೆದ ಮೇಲೆ ಹೆಜ್ಜೇನು. ಆ ಕೆಲಸದಲ್ಲಿ ಅತ್ತಿಗೆಯ ಮುಂದೆ ನಾವೆಲ್ಲ ಸೊನ್ನೆ. ಜೇನುಹುಟ್ಟಿನಲ್ಲಿ ಮರಿಹುಳವಿದ್ದ ಎರಿಯನ್ನು ಬೇರೆ ಮಾಡಿ, ತುಪ್ಪದ ಎರಿಯನ್ನಷ್ಟೇ ಬಟ್ಟೆಯಲ್ಲಿ ಕಟ್ಟಿ ಇಳಿಬಿಡುತ್ತಿದ್ದಳು. ಮರಿ ಸೇರಿಸಿ ಹಿಂಡಿದರೆ ಜೇನು ಹುಳಿಯುತ್ತದೆ. ಒಂದು ತೊಟ್ಟು ನಾಲಿಗೆಗಿಟ್ಟು, "ಇದು ಹೊಂಗೆ, ಇದು ಮತ್ತಿ" ಎಂದು ಹೇಳಿಬಿಡುತ್ತಿದ್ದಳು. ಜೇನು ಹಿಂಡಿದ ಮನೆಯವರು ಉಳಿದ ಐದು ಮನೆಗೂ ಒಂದೊಂದು ದೊನ್ನೆ ಕೊಡುವುದು ನಮ್ಮ ಪದ್ಧತಿ.

ಇನ್ನೂ ಎರಡು ಕಟ್ಟುಪಾಡು. ಜೇನು ಮೊದಲು ಕಂಡವನು ಮರದ ಬುಡದಲ್ಲಿ ತೊಗಟೆ ಕೆತ್ತಿ ಹುಲ್ಲಿನ ಗಂಟು ಕಟ್ಟಿದರೆ ಆ ಮರ ಅವನದು. ಮತ್ತೊಂದು ಹೆಂಗಸರಿಗೆ. ಗಂಡ ಮರ ಹತ್ತುವ ಮೊದಲಿನ ಮೂರು ದಿನ ಹೆಂಡತಿ ತಲೆಗೆ ನೀರು ಹಾಕಬಾರದು, ಒಗ್ಗರಣೆ ಹಾಕಬಾರದು, ಜೇನು ಬಾಯಿಗಿಡಬಾರದು. ತಪ್ಪಿದರೆ ಹುಳ ಮುನಿದು ಎದ್ದುಹೋಗುತ್ತದೆ, ಇಲ್ಲವೇ ಗಂಡಸು ಬೀಳುತ್ತಾನೆ.

ಆ ವರ್ಷ ನನ್ನ ಅಣ್ಣ ಚಿಕ್ಕಣ್ಣ ನಾಲ್ಕು ಮರ ಇಳಿಸಿದ್ದ. ನನ್ನ ಗಂಡ ಅಂಕಯ್ಯ ಒಂದೇ ಒಂದು. ನಾನು ಸುಮ್ಮನಿರಬಹುದಿತ್ತು.

"ನಮ್ಮಣ್ಣನ ಕಣ್ಣಿಗೆ ಬೀಳೋ ಜೇನು ನಿಮ್ಮ ಕಣ್ಣಿಗೆ ಯಾಕೆ ಬೀಳಾಕಿಲ್ವೋ ಕಾಣೆ. ಮಡಕೆ ತೊಳೆದು ಬೋರಲು ಹಾಕ್ಬುಡ್ಲಾ?" ಎಂದು ಚುಚ್ಚಿದೆ.

ಅವನು ಎರಡು ದಿನ ಕಳೆದು ಬೆಳಗಿನ ಜಾವ ತುಂಬಿದ ಬುಟ್ಟಿ ತಂದಿಟ್ಟ. ಹೊಳೆಯ ಪಕ್ಕದ ಗಿಡ್ಡ ಹೊಂಗೆಮರದ್ದು, ಹಗ್ಗ ಬೇಕಾಗಲಿಲ್ಲ ಎಂದ. ಒಬ್ಬನೇ ಹೋಗಿದ್ದ. ಜೇನಿಗೆ ಒಬ್ಬರೇ ಹೋಗುವವರಲ್ಲ ನಾವು. ಹೆಂಡತಿಯ ಒಡಹುಟ್ಟಿದವನು ಕೆಳಗೆ ಹಗ್ಗ ಹಿಡಿಯಬೇಕು. ತಂಗಿಯ ತಾಳಿ ಉಳಿಯಲೆಂದು ಅವನು ಕೈ ಸಡಿಲಿಸುವುದಿಲ್ಲ. ನನ್ನ ಗಂಡನ ಹಗ್ಗ ಹಿಡಿಯುತ್ತಿದ್ದವನು ಚಿಕ್ಕಣ್ಣನೇ.

ಬುಟ್ಟಿ ಬರಿದು ಮಾಡುವಾಗ ತಳದಲ್ಲಿ ಹುಲ್ಲಿನ ಗಂಟು ಸಿಕ್ಕಿತು. ಎಡಕ್ಕೆ ಎರಡು ಸುತ್ತು ಹಾಕಿ ಬಿಗಿದ ಗಂಟು. ಹಾಗೆ ಕಟ್ಟುವವನು ನನ್ನ ಅಣ್ಣನೊಬ್ಬನೇ. ನೇರಳೆ ದಿಣ್ಣೆಯ ದೊಡ್ಡ ಮರಕ್ಕೆ ಅವನು ಗುರುತು ಕಟ್ಟಿದ್ದು, ಅದಕ್ಕಾಗಿ ಅತ್ತಿಗೆ ಎರಡು ದಿನ ಹಿಂದೆಯೇ ವ್ರತ ಹಿಡಿದದ್ದು ನನಗೆ ಗೊತ್ತಿತ್ತು. ಗಂಟನ್ನು ಒಲೆಗೆ ಹಾಕಿದೆ. ಜೇನು ಹಿಂಡಿದೆ. ಪದ್ಧತಿ ತಪ್ಪಿದರೆ ಅನುಮಾನ ಬಂದೀತೆಂದು ಐದು ದೊನ್ನೆ ತುಂಬಿ, ಹೊಳೆ ಪಕ್ಕದ ಗಿಡ್ಡ ಹೊಂಗೆಮರದ್ದು ಎಂದು ಹೇಳಿ ಹಂಚಿದೆ. ಒಂದನ್ನು ಅತ್ತಿಗೆಯ ಕೈಗೇ ಕೊಟ್ಟೆ.

ಅದೇ ಮಧ್ಯಾಹ್ನ ಜೋರು ಗಾಳಿ ಮಳೆ ಬಂತು. ಮರುದಿನ ಚಿಕ್ಕಣ್ಣ ಮರ ಹತ್ತಿದಾಗ ಕೊಂಬೆಯಲ್ಲಿ ಕಪ್ಪು ಕಲೆಯಷ್ಟೇ ಇತ್ತು. ನನ್ನ ಗಂಡ ಎರಿಯ ಬುಡವನ್ನೂ ಬಿಡದೆ ಹೆರೆದಿದ್ದ. ಕೆಳಗೆ ಬಿದ್ದಿದ್ದ ಹೊಗೆ ಹಾಕಿದ ಬೂದಿ, ಮೇಣ, ಹುಲ್ಲು ಎಲ್ಲವನ್ನೂ ಮಳೆ ತೊಳೆದಿತ್ತು. ಹುಳ ಮುನಿದು ಎದ್ದುಹೋಗಿದೆ, ಎರಿ ಮಳೆಗೆ ಕಳಚಿದೆ ಎಂದು ಎಲ್ಲರೂ ಅಂದುಕೊಂಡರು. ಹಾಗಾದರೆ ವ್ರತ ಕೆಟ್ಟಿರಬೇಕು.

ನಮ್ಮ ಹಿರಿಯ ದೊಡ್ಡಮಾದಯ್ಯ ಎಲ್ಲರನ್ನೂ ಹುಣಸೆಮರದಡಿ ಕೂರಿಸಿ ಕೇಳಿದ. "ಈ ಮೂರು ದಿನದಾಗೆ ಯಾರಾರಾ ಏನಾರಾ ಕಂಡ್ರಾ?"

ನನ್ನ ಗಂಡ ನೆಲ ನೋಡುತ್ತಿದ್ದ. ಗುರುತು ಕದ್ದವನಿಗೆ ಕಾಡು ಮುಚ್ಚಿದ ಹಾಗೆ. ಮುಂದೆ ಯಾರೂ ಅವನ ಹಗ್ಗ ಹಿಡಿಯುವುದಿಲ್ಲ. ನಾನು ಬಾಯಿ ತೆರೆದೆ.

"ನೆನ್ನೆ ಬೆಳಗ್ಗೆ ಅತ್ಗೆ ತಲೆ ಒದ್ದೆಯಾಗಿತ್ತು. ಗುಡ್ಲು ಮುಂದುಗಡೆ ಅಂಟುವಾಳದ ನೊರೆ ಬಿದ್ದಿತ್ತು."

ಸುಳ್ಳಲ್ಲ. ತಲೆ ಒದ್ದೆಯಾಗಿತ್ತು. ಅವಳು ತಲೆಯ ಮೇಲೆ ಹೊತ್ತು ತಂದ ನೀರಿನ ಮಡಕೆ ಸೋರುತ್ತಿತ್ತು, ಅದನ್ನು ಕೆಳಗಿಳಿಸಿಕೊಟ್ಟವಳೇ ನಾನು. ನೊರೆ ಕಂಬಳಿ ಒಗೆದದ್ದು. ಇದಿಷ್ಟನ್ನು ನಾನು ನುಂಗಿಕೊಂಡೆ.

ಅತ್ತಿಗೆ ನನ್ನನ್ನೇ ನೋಡಿದಳು. "ನಾನು ನೀರು ಹಾಕ್ಕೊಂಡಿಲ್ಲ ಕಣಣ್ಣ," ಎಂದು ದೊಡ್ಡಮಾದಯ್ಯನಿಗೆ ಒಂದೇ ಸಲ ಹೇಳಿದಳು. ಯಾರೂ ನಂಬಲಿಲ್ಲ. ಅಣ್ಣನೂ ನಂಬಲಿಲ್ಲ.

ಇನ್ನು ಮುಂದೆ ಅವಳು ಜೇನು ಮುಟ್ಟಬಾರದೆಂದು ದೊಡ್ಡಮಾದಯ್ಯ ಕಟ್ಟು ಮಾಡಿದ. ಜೇನಿನ ಕಾಲ ಬಂದರೆ ಅಣ್ಣ ಅವಳ ಕೈಯಿಂದ ಉಣ್ಣುತ್ತಿರಲಿಲ್ಲ, ನನ್ನ ಮನೆಯಲ್ಲಿ ಉಣ್ಣುತ್ತಿದ್ದ. ನಾನು ಬಡಿಸುತ್ತಿದ್ದೆ. ಉಂಡು ಎದ್ದು ಹೋಗಿ ನನ್ನ ಗಂಡನ ಹಗ್ಗ ಹಿಡಿಯುತ್ತಿದ್ದ. ಬುಟ್ಟಿ ಬಂದ ದಿನ ಅವಳು ಹುಣಸೆಯ ರಾಶಿ ಎಳೆದುಕೊಂಡು ನಮಗೆ ಬೆನ್ನು ಹಾಕಿ ಕೂರುತ್ತಿದ್ದಳು. ಬೀಜ ಕುಟ್ಟುವ ಸದ್ದು ನನ್ನ ಎದೆಗೇ ಬೀಳುತ್ತಿತ್ತು. ಆದರೂ ಹೇಳಲಿಲ್ಲ. ಗಂಡ ಬದುಕಿರುವವರೆಗೆ ಬೇಡ ಎಂದುಕೊಂಡೆ. ಅವನು ಸತ್ತ ಮೇಲೂ ಇವತ್ತು ನಾಳೆ ಎಂದು ಎರಡು ವರ್ಷ ದೂಡಿದೆ. ಅಷ್ಟರಲ್ಲಿ ಚಳಿಜ್ವರ ಬಂದು ಅಣ್ಣನೂ ಹೋದ.

ತಿಥಿ ಮುಗಿದ ನಾಲ್ಕನೆಯ ದಿನ ಅವಳ ಮುಂದೆ ಹುಣಸೆಯ ರಾಶಿಗೆ ಕೂತೆ. ನಾರು ಬಿಡಿಸುತ್ತಲೇ ಎಲ್ಲ ಹೇಳಿದೆ. ಚುಚ್ಚಿದ ಮಾತು, ಹುಲ್ಲಿನ ಗಂಟು, ಸೋರುವ ಮಡಕೆ. ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಗೊತ್ತು ಕಣವ್ವ," ಎಂದಳು.

"ಎಂಗೆ ಅತ್ಗೆ?"

"ನೀನು ಕೊಟ್ಟಿದ್ದ ದೊನ್ನೆ. ವ್ರತ ಅಂತ ಅಟ್ಟದ ಮ್ಯಾಲೆ ಮುಚ್ಚಿಟ್ಟಿದ್ದೆ, ಬೆರಳೂ ತಾಗಿಸಿರ್ನಿಲ್ಲ. ಪಂಚಾಯ್ತಿ ಮುಗುದು ಮನೀಗೆ ಬಂದ್ನಲ್ಲ, ಇನ್ಯಾವ ವ್ರತ ಅಂತ ಬಾಯಿಗಿಟ್ಕಂಡೆ. ನೇರಳೆ ಒಗರು. ಹೊಂಗೆಯಲ್ಲ."

"ಆವತ್ತೇ ಯಾಕೆ ಯೋಳ್ನಿಲ್ಲ?"

"ಜೇನು ತಿಂದಿದ್ದೀನಿ, ಅದ್ರ ರುಚಿ ಗೊತ್ತು ಅಂದಿದ್ರೆ, ನೋಡಿ ವ್ರತದಾಗೇ ತಿಂದವ್ಳೆ ಅಂತಿದ್ರು. ನಿಮ್ಮಣ್ಣಂತೂ ನಂಬ್ತಿರ್ನಿಲ್ಲ. ನೀನು ಯೋಳಿದ್ರೆ ನಂಬೋನು. ನೀನೇ ಯೋಳ್ತೀಯ ಅಂತ ಕಾಯ್ತಿದ್ದೆ."

ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಬಿರುಕುಬಿಟ್ಟ ಕೈಯಲ್ಲಿ ಉಪ್ಪು ಹಿಡಿದು ಹುಣಸೆಯ ಮೇಲೆ ಉದುರಿಸಿ, ಉಂಡೆ ಕಟ್ಟತೊಡಗಿದಳು.

"ಈಗ ಯಾರಿಗೆ ಯೋಳ್ತೀಯ ಬುಡು," ಎಂದಳು. "ಕೇಳ್ಬೇಕಾಗಿದ್ದೋರು ವೋದ್ರು."