ಫ್ಲ್ಯಾಶ್ ಇಲ್ಲದ ಎರಡು ಮಾಡೆಲ್

ನಮ್ಮ ಮ್ಯಾನೇಜರಿಗೆ ನಾವಿಟ್ಟ ಹೆಸರು ತೀರ್ಪುಗಾರ. ವಿಷಯ ಕೇಳುವ ಮೊದಲೇ ತೀರ್ಪು ಕೊಡುವುದು ಅವರ ಹುಟ್ಟುಗುಣ. ತಪ್ಪು ಯಾವತ್ತೂ ಬೇರೆಯವರದ್ದೇ: ನೆಟ್‌ವರ್ಕಿನದ್ದು, ಬಳಸುವವರದ್ದು, ಏನೂ ಸಿಗದಿದ್ದರೆ ಟೆಸ್ಟಿಂಗ್ ಮಾಡುವ ನನ್ನದು. ವಯಸ್ಸಾದವರಿಗೆ ಮಾತ್ರೆಯ ಹೊತ್ತು ನೆನಪಿಸುವ ಆ್ಯಪ್ ನಮ್ಮದು; ಅದು ಯಾರ ಹೆಸರು, ನಂಬರನ್ನೂ ಕೇಳುವುದಿಲ್ಲ. ಅಲಾರಂ ಜೊತೆ ಫೋನಿನ ಫ್ಲ್ಯಾಶ್ ಕೂಡ ಮಿನುಗಲಿ ಎಂಬುದು ಅವರದೇ ಐಡಿಯಾ. ಹೊಸ 6.2 ಆವೃತ್ತಿಯಲ್ಲಿ ಅದು ಬಂತು, ಅವರು ಆಫೀಸಿಗೆಲ್ಲ ಡಂಗುರ ಸಾರಿದರು.

ಮೊದಲು ಅರ್ಧದಷ್ಟು ಜನರಿಗೆ ಅದನ್ನು ಬಿಟ್ಟ ಎರಡೇ ದಿನದಲ್ಲಿ, ಆ್ಯಪ್ ನಡುವೆಯೇ ಬಿದ್ದು ಮುಚ್ಚಿಹೋಗುತ್ತಿದೆ ಎಂಬ ಕ್ರ್ಯಾಶ್ ವರದಿಗಳು ರಾಶಿ ಬಿದ್ದವು. ತೀರ್ಪುಗಾರರು ನೋಡಿದ್ದು ಫೋನುಗಳ ಪಟ್ಟಿಯನ್ನು ಮಾತ್ರ. ಇದ್ದದ್ದು ಎರಡೇ ಮಾಡೆಲ್, ಎರಡೂ ಅಗ್ಗದವು.

“ಡಬ್ಬಾ ಫೋನುಗಳು. ಇವೆರಡನ್ನೂ ಸ್ಟೋರಲ್ಲಿ ಬ್ಲಾಕ್ ಮಾಡಿಬಿಡೋಣ.”

“ಪಕ್ಕದ ಆವೃತ್ತಿ ಕಾಲಂ ನೋಡಿ ಸರ್,” ಎಂದೆ. “ಬಿದ್ದಿರೋದೆಲ್ಲ 6.2. ಇದೇ ಫೋನುಗಳಲ್ಲಿ ಹಳೇ 6.1 ಇರೋರಿಗೆ ಒಂದೂ ಬಿದ್ದಿಲ್ಲ. ಫೋನೇ ಸರಿ ಇಲ್ಲ ಅಂದ್ರೆ ಅದೂ ಬೀಳ್ಬೇಕಿತ್ತಲ್ಲ.”

ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ವರದಿಯನ್ನು ಕೆಳಗೆ ಸರಿಸಿದೆ. ಕೋಡ್ ಆ್ಯಪ್ ಆಗಿ ಬಿಲ್ಡ್ ಆಗುವಾಗ ಒಂದೆರಡು ಅಕ್ಷರಗಳಿಗೆ ಕುಗ್ಗಿದ್ದ ಫಂಕ್ಷನ್‌ಗಳ ಹೆಸರನ್ನು, ಯಾವುದು ಯಾವುದಾಯಿತೆಂದು ಬರೆದಿಟ್ಟ 6.2ರದ್ದೇ ಮ್ಯಾಪಿಂಗ್ ಫೈಲ್ ಮತ್ತೆ ಅಸಲಿ ಹೆಸರಾಗಿ ಬಿಡಿಸಿಟ್ಟಿತ್ತು. ಆ್ಯಪ್ ಬೀಳುತ್ತಿದ್ದದ್ದು, ಅಲಾರಂ ಬಾರಿಸುವ ಮೊದಲು ಫ್ಲ್ಯಾಶ್ ಹಚ್ಚುವ ಸಾಲಿನಲ್ಲಿ. ಕಾರಣವೂ ಅಲ್ಲೇ ಇತ್ತು: ಈ ಕ್ಯಾಮೆರಾಗೆ ಫ್ಲ್ಯಾಶ್ ಇಲ್ಲ. ನಮ್ಮ ಆಫೀಸಿನ ದುಬಾರಿ ಫೋನುಗಳಿಗೆಲ್ಲ ಇತ್ತು. ಇಲ್ಲದ ಫೋನೂ ಲೋಕದಲ್ಲಿರುತ್ತದೆ ಎಂದು ಇಲ್ಲಿ ಯಾರಿಗೂ ಹೊಳೆದಿರಲಿಲ್ಲ.

“ಬ್ಲಾಕ್ ಮಾಡಿದ್ರೆ, 6.2 ಹಾಕ್ಕೊಂಡಿರೋರಿಗೆ ನಾವು ಸರಿಮಾಡಿ ಬಿಡೋ ಆವೃತ್ತಿನೂ ಸಿಗಲ್ಲ ಸರ್. ಮಾತ್ರೆ ಹೊತ್ತಿಗೆಲ್ಲ ಆ್ಯಪ್ ಬೀಳ್ತಾನೇ ಇರುತ್ತೆ.”

“ಅಂಥ ಫೋನಲ್ಲಿ ಆ್ಯಪ್ ಬೀಳಿಸಿ ತೋರ್ಸಿ. ಬರೀ ವಾದ ಬೇಡ.”

ಆಫೀಸಿನಲ್ಲಿ ಅಂಥ ಫೋನು ಎಲ್ಲಿಂದ ಬರಬೇಕು? ಅವರು ಎರಡೂ ಮಾಡೆಲ್‌ಗಳ ಹೆಸರನ್ನು ಮತ್ತೊಮ್ಮೆ ಓದಿದರು. ಮುಖ ಸಪ್ಪಗಾಯಿತು.

“ಇದ್ರಲ್ಲೊಂದು ನಮ್ಮಮ್ಮನ ಹತ್ರ ಇದೆ. ನಾನೇ ತೆಗೆಸ್ಕೊಟ್ಟಿದ್ದು.”

‘ಡಬ್ಬಾ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕಷ್ಟಪಟ್ಟು ನುಂಗಿಕೊಂಡೆ.

ಅವರು ಸ್ಪೀಕರ್ ಹಾಕಿ ತಾಯಿಗೆ ಫೋನ್ ಮಾಡಿದರು. “ಅಮ್ಮಾ, ಬೆಳಿಗ್ಗೆ ಬಿ.ಪಿ. ಮಾತ್ರೆಗೆ ಅಲಾರಂ ಬಂತಾ?”

“ಇಲ್ಲ ಕಣೋ. ಏನೋ ಇಂಗ್ಲಿಷಲ್ಲಿ ಬಂದು ಹೋಯ್ತು. ನಿನ್ನೆನೂ ಹಾಗೇ ಆಯ್ತು.”

“ಮತ್ತೆ ಮಾತ್ರೆ?”

“ತಗೊಳ್ಳಿಲ್ಲಪ್ಪ. ನೀನು ಮಾಡಿದ್ದಲ್ವಾ ಅದು? ಕರೀಲಿಲ್ಲ ಅಂದ್ರೆ ಡಾಕ್ಟ್ರೇ ನಿಲ್ಲಿಸೋಕೆ ಹೇಳಿರ್ಬೇಕು ಅಂದ್ಕೊಂಡೆ.”

“ಯಾರೂ ನಿಲ್ಲಿಸಿಲ್ಲಮ್ಮ,” ಎಂದರು ತೀರ್ಪುಗಾರರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಡಾಕ್ಟರನ್ನು ಕೇಳಿ ತಕ್ಷಣ ಫೋನ್ ಮಾಡುತ್ತೇನೆಂದು ಹೇಳಿ ಕರೆ ಮುಗಿಸಿದರು. ಉಳಿದವರಿಗೆ 6.2 ಹೋಗದಂತೆ ಬಿಡುಗಡೆಯನ್ನು ತಾವೇ ತಡೆದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು:

“ಹೀಗೆ ಇನ್ನೂ ಎಷ್ಟು ಜನ ಇದಾರೆ?”

“ಎಂಟುನೂರರ ಮೇಲೆ.”

“ಅವರಿಗೂ ಫೋನ್ ಮಾಡಿ ಹೇಳ್ಬೇಕಲ್ಲ.”

“ವರದೀಲಿ ಎಷ್ಟು ಜನ ಅಂತ ಇದೆ ಸರ್,” ಎಂದೆ. “ಯಾರು ಅಂತ ಇಲ್ಲ.”